ಕಥೆ ಹೇಳುವವನನ್ನು ನಂಬಬಹುದಾ? ‘ಏನಾಯಿತು’ ಎಂಬಲ್ಲಿಂದ ‘ನಿಜಾನಾ’ ಎಂಬಲ್ಲಿಗೆ ಪ್ರಶ್ನೆಗಳ ದಾರಿ

ಅಕ್ಕನ ಮಗಳು ಒಂಬತ್ತನೇ ತರಗತಿ. ಒಂದು ಸಂಜೆ ಇಂಗ್ಲಿಷ್ ವರ್ಕ್‌ಶೀಟ್ ಹಿಡಿದುಕೊಂಡು ಬಂದಳು. ಮೇಲೆ ಒಂದು ಸಣ್ಣಕಥೆ, ಕೆಳಗೆ ಹತ್ತು ಪ್ರಶ್ನೆ. ಮೊದಲ ಏಳಕ್ಕೆ ಹತ್ತು ನಿಮಿಷದಲ್ಲಿ ಉತ್ತರ ಬರೆದಾಗಿತ್ತು. ಎಂಟು, ಒಂಬತ್ತು ಹೇಗೋ ಮುಗಿದಿದ್ದವು. ಹತ್ತನೆಯದರ ಎದುರು ಬರೀ ಜಾಗ. ಪ್ರಶ್ನೆ ಇಷ್ಟೇ: ಈ ಕಥೆಯನ್ನು ಹೇಳುತ್ತಿರುವವನನ್ನು ನೀವು ನಂಬುತ್ತೀರಾ? ಕಾರಣ ಕೊಡಿ.

“ಚಿಕ್ಕಮ್ಮ, ಕಥೆ ಅಂದ್ರೇನೇ ಸುಳ್ಳಲ್ವಾ? ಅದರಲ್ಲಿ ನಂಬೋದೇನು ಬಂತು?” ಅಂದಳು.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ನಾವು ಓದುವಾಗ ಇಂಥ ಪ್ರಶ್ನೆ ಬರುತ್ತಲೇ ಇರಲಿಲ್ಲ. ‘ಒಂದು ವಾಕ್ಯದಲ್ಲಿ ಉತ್ತರಿಸಿ’, ‘ಯಾರು ಯಾರಿಗೆ ಹೇಳಿದರು’, ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’, ಕೊನೆಗೆ ‘ಕಥೆಯ ನೀತಿ ಏನು’. ಈಗ ಹಾಗಿಲ್ಲ. ಸಿಬಿಎಸ್‌ಇ ಪರೀಕ್ಷೆಗಳಲ್ಲಿ ಸಾಮರ್ಥ್ಯ ಆಧಾರಿತ ಪ್ರಶ್ನೆಗಳ ಪಾಲು ಅರ್ಧದಷ್ಟಾಗಿದೆ. ನೆನಪಿನಿಂದ ಬರೆಯುವುದು ಕಡಿಮೆಯಾಗಿ, ಓದಿದ್ದನ್ನು ಬಳಸಿ ಯೋಚಿಸಬೇಕಾದ ಪ್ರಶ್ನೆ ಜಾಸ್ತಿ ಬರುತ್ತಿವೆ. ಮನೆಯಲ್ಲಿ ಓದಿಸುವವರಿಗೂ ಪ್ರಶ್ನೆ ತಯಾರಿಸುವ ಹೊಸ ಟೀಚರ್‌ಗಳಿಗೂ ಇದು ಸ್ವಲ್ಪ ಗೊಂದಲವೇ. ಹಾಗಾಗಿ ಒಂದೇ ಕಥೆ ಇಟ್ಟುಕೊಂಡು, ಪ್ರಶ್ನೆಗಳು ಕೆಳಗಿನಿಂದ ಮೇಲಕ್ಕೆ ಹೇಗೆ ಹತ್ತುತ್ತವೆ ಅಂತ ನೋಡೋಣ.

## ಮೊದಲು ಕಥೆ

ಆ ವರ್ಕ್‌ಶೀಟಿನಲ್ಲಿದ್ದದ್ದು ಅಮೆರಿಕದ ಎಡ್ಗರ್ ಆ್ಯಲನ್ ಪೋ ಬರೆದ ‘ದಿ ಟೆಲ್-ಟೇಲ್ ಹಾರ್ಟ್’. 1843ರ ಜನವರಿಯಲ್ಲಿ ಬಾಸ್ಟನ್ನಿನ ‘ದಿ ಪಯೋನಿಯರ್’ ಎಂಬ ಪತ್ರಿಕೆಯಲ್ಲಿ ಮೊದಲು ಅಚ್ಚಾಯಿತು. ತುಂಬ ಚಿಕ್ಕದು. ಒಂದೇ ಕೂರುವಿಕೆಯಲ್ಲಿ ಓದಿ ಮುಗಿಸಬಹುದು.

ಕಥೆಯನ್ನು ಒಬ್ಬ ‘ನಾನು’ ಹೇಳುತ್ತಾನೆ. ಅವನಿಗೆ ಹೆಸರಿಲ್ಲ. ಶುರುವಿನಲ್ಲೇ ಜಗಳಕ್ಕೆ ಬಂದವನ ಹಾಗೆ ಕೇಳುತ್ತಾನೆ: ನನಗೆ ಹುಚ್ಚು ಅಂತ ಯಾಕೆ ಹೇಳುತ್ತೀರಿ? ನನಗಿದ್ದ ಕಾಯಿಲೆ ನನ್ನ ಕಿವಿಯನ್ನು ಇನ್ನಷ್ಟು ಚುರುಕು ಮಾಡಿದೆ. ಸ್ವರ್ಗದ್ದೂ ಭೂಮಿಯದ್ದೂ ಎಲ್ಲ ಕೇಳಿಸುತ್ತದೆ, ನರಕದ್ದೂ ಬೇಕಾದಷ್ಟು ಕೇಳಿಸಿದೆ. ಎಷ್ಟು ಸಮಾಧಾನವಾಗಿ ಹೇಳುತ್ತೇನೆ, ನೋಡಿ.

ಅವನ ಜೊತೆ ಒಬ್ಬ ಮುದುಕ ಇದ್ದಾನೆ. ಮುದುಕನ ಮೇಲೆ ತನಗೆ ಪ್ರೀತಿಯಿತ್ತು, ಅವನು ತನಗೆ ಕೆಟ್ಟದ್ದು ಮಾಡಿರಲಿಲ್ಲ, ಅವನ ಚಿನ್ನದ ಆಸೆಯೂ ತನಗಿರಲಿಲ್ಲ ಅನ್ನುತ್ತಾನೆ. ಆದರೆ ಮುದುಕನ ಒಂದು ಕಣ್ಣು ಮಸುಕು ನೀಲಿ, ಮೇಲೆ ಪೊರೆ, ರಣಹದ್ದಿನ ಕಣ್ಣಿನ ಹಾಗೆ. ಆ ಕಣ್ಣನ್ನು ತೊಲಗಿಸಲೆಂದೇ ಕೊಲ್ಲುವ ನಿರ್ಧಾರ ಮಾಡುತ್ತಾನೆ. ಏಳು ರಾತ್ರಿ ನಡುರಾತ್ರಿಯಲ್ಲಿ ಬಾಗಿಲು ಸರಿಸಿ, ಮುಚ್ಚಿದ ಲಾಂದ್ರದಿಂದ ಒಂದೇ ಒಂದು ಎಳೆ ಬೆಳಕನ್ನು ಕಣ್ಣಿನ ಮೇಲೆ ಬಿಡುತ್ತಾನೆ. ಕಣ್ಣು ಮುಚ್ಚಿರುತ್ತದೆ. ಹಾಗಾಗಿ ಸುಮ್ಮನೆ ವಾಪಸ್ಸು.

ಎಂಟನೇ ರಾತ್ರಿ ಲಾಂದ್ರದ ತಗಡಿನ ಕೊಂಡಿಯ ಮೇಲೆ ಹೆಬ್ಬೆರಳು ಜಾರುತ್ತದೆ. ಮುದುಕ ಎದ್ದು ಕೂತು ‘ಯಾರದು?’ ಅನ್ನುತ್ತಾನೆ. ಇವನು ಒಂದು ಗಂಟೆ ಅಲುಗಾಡದೆ ನಿಲ್ಲುತ್ತಾನೆ. ಆಮೇಲೆ ಬೆಳಕಿನ ಎಳೆ ತೆರೆದ ಕಣ್ಣಿನ ಮೇಲೇ ಬೀಳುತ್ತದೆ. ಹತ್ತಿಯಲ್ಲಿ ಸುತ್ತಿದ ಗಡಿಯಾರದಂಥ ಒಂದು ಮಂದ, ಚುರುಕು ಸದ್ದು ಕೇಳಿಸುತ್ತದೆ. ಮುದುಕನ ಎದೆಬಡಿತ ಅದು ಅನ್ನುತ್ತಾನೆ. (ಆ ಕಾಲದ ಗಡಿಯಾರ ಕೈಗೆ ಕಟ್ಟುವುದಲ್ಲ, ಜೇಬಿನದು.) ಸದ್ದು ಜೋರಾಗಿ ನೆರೆಯವರಿಗೂ ಕೇಳಿಸೀತು ಅಂತ ಭಯಬಿದ್ದು ಒಳಗೆ ನುಗ್ಗಿ, ಭಾರದ ಮಂಚವನ್ನು ಮುದುಕನ ಮೇಲೆಳೆದು ಕೊಲ್ಲುತ್ತಾನೆ. ಹೆಣವನ್ನು ಕತ್ತರಿಸಿ, ನೆಲದ ಮೂರು ಹಲಗೆ ಕಿತ್ತು ಕೆಳಗೆ ಬಚ್ಚಿಡುತ್ತಾನೆ.

ಬೆಳಗಿನ ಜಾವ ನಾಲ್ಕಕ್ಕೆ ಮೂವರು ಪೊಲೀಸರು ಬರುತ್ತಾರೆ. ನೆರೆಯವರೊಬ್ಬರಿಗೆ ಕಿರುಚಾಟ ಕೇಳಿಸಿತ್ತು. ತಾನೇ ಕನಸಿನಲ್ಲಿ ಕಿರುಚಿದೆ ಅನ್ನುತ್ತಾನೆ ಇವನು. ಮನೆಯೆಲ್ಲ ತೋರಿಸಿ, ಅದೇ ಕೋಣೆಯಲ್ಲಿ ಕುರ್ಚಿ ಹಾಕಿ, ತನ್ನ ಕುರ್ಚಿಯನ್ನು ಹೆಣ ಇರುವ ಜಾಗದ ಮೇಲೇ ಇಟ್ಟು ಕೂರುತ್ತಾನೆ. ಪೊಲೀಸರು ಹರಟುತ್ತಾ ನಗುತ್ತಿದ್ದಾರೆ. ಅಷ್ಟರಲ್ಲಿ ಮತ್ತೆ ಅದೇ ಸದ್ದು. ಏರುತ್ತಲೇ ಹೋಗುತ್ತದೆ. ಕೊನೆಗೆ ತಡೆಯಲಾರದೆ ಕೂಗಿಬಿಡುತ್ತಾನೆ: ಹಲಗೆ ಕೀಳಿ, ಇಲ್ಲೇ ಇದೆ, ಅವನ ಹಾಳು ಎದೆಯ ಬಡಿತ!

ಕಥೆ ಅಲ್ಲಿಗೆ ಮುಗಿಯುತ್ತದೆ.

## ಕಥೆಗಾರ ಬೇರೆ, ಕಥೆ ಹೇಳುವವನು ಬೇರೆ

ಅಕ್ಕನ ಮಗಳ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಥೆ ಬರೆದವರು ಪೋ. ಅವರು ಕಟ್ಟಿದ್ದು ಅಂತ ನಮಗೆ ಗೊತ್ತು, ಅದರಲ್ಲಿ ಮೋಸವಿಲ್ಲ. ಆದರೆ ಆ ಕಟ್ಟಿದ ಲೋಕದೊಳಗೆ ನಿಂತು ‘ನಾನು ಹೀಗೆ ಮಾಡಿದೆ’ ಅನ್ನುವವನು ಪೋ ಅಲ್ಲ. ಅವನಿಗೆ ನಿರೂಪಕ ಅನ್ನುತ್ತಾರೆ. ‘ನಂಬುತ್ತೀರಾ’ ಎಂಬ ಪ್ರಶ್ನೆ ಅವನ ಬಗ್ಗೆ. ಕಥೆಯ ಲೋಕದಲ್ಲಿ ನಡೆದದ್ದಕ್ಕೂ ಇವನು ಹೇಳುವುದಕ್ಕೂ ತಾಳೆಯಾಗುತ್ತದಾ? ಅಷ್ಟೇ ವಿಷಯ.

ತಾಳೆಯಾಗದಿದ್ದರೆ ಅವನು ನಂಬಲಾಗದ ನಿರೂಪಕ. ಈ ಹೆಸರನ್ನು ಇಂಗ್ಲಿಷ್ ವಿಮರ್ಶೆಯಲ್ಲಿ 1961ರಲ್ಲಿ ಚಾಲ್ತಿಗೆ ತಂದವರು ಅಮೆರಿಕದ ವೇಯ್ನ್ ಬೂತ್. ಹೆಸರು ಹೊಸದು, ಅನುಭವ ಹಳೆಯದು. ಪಕ್ಕದ ಮನೆಯವರ ಜೊತೆ ಜಗಳವಾಡಿ ಬಂದ ಸಂಬಂಧಿಕರು ‘ನಾನೇನೂ ಅನ್ನಲಿಲ್ಲಪ್ಪ, ಸುಮ್ನೆ ಒಂದು ಮಾತು ಕೇಳಿದೆ’ ಅನ್ನುತ್ತಾರಲ್ಲ, ಆಗ ನಾವು ಏನು ಮಾಡುತ್ತೇವೆ? ಜಗಳ ಆಗಿದ್ದನ್ನು ನಂಬುತ್ತೇವೆ. ‘ಸುಮ್ನೆ’ ಎಂಬುದನ್ನು ನಂಬುವುದಿಲ್ಲ. ಈ ವಿಂಗಡಣೆ ನಮಗೆ ಬಾಯಿಪಾಠ. ಪ್ರಶ್ನೆ ತಯಾರಿಸುವವರ ಕೆಲಸ ಅದನ್ನೇ ಕಾಗದದ ಮೇಲೆ ಮಾಡಿಸುವುದು.

ಇನ್ನೊಂದು ಪದ ಆಶಯ. ಕನ್ನಡದಲ್ಲಿ ಇಲ್ಲೊಂದು ತೊಡಕಿದೆ. ‘ಕಥಾವಸ್ತು’ ಎಂಬ ಪದವನ್ನು ಕೆಲವರು ಕಥೆಯಲ್ಲಿ ನಡೆದ ಸಂಗತಿಗಳಿಗೆ ಬಳಸುತ್ತಾರೆ, ಕೆಲವರು ಕಥೆ ಯಾವುದರ ಬಗ್ಗೆ ಎಂಬುದಕ್ಕೆ. ಪ್ರಶ್ನೆಯಲ್ಲಿ ‘ಕಥಾವಸ್ತು ತಿಳಿಸಿ’ ಅಂತ ಬಂದರೆ ಅರ್ಧ ಮಕ್ಕಳು ಸಾರಾಂಶ ಬರೆಯುತ್ತಾರೆ, ಅದು ಅವರ ತಪ್ಪಲ್ಲ. ಹಾಗಾಗಿ ಇಲ್ಲಿ ನಡೆದದ್ದಕ್ಕೆ ‘ಘಟನೆ’, ಕಥೆ ಒಟ್ಟಾರೆ ಹೊಮ್ಮಿಸುವ ಮಾತಿಗೆ ‘ಆಶಯ’ ಅಂತಲೇ ಬಳಸುತ್ತೇನೆ.

## ಕೊನೆಯ ಪ್ರಶ್ನೆಯನ್ನು ಮೊದಲು ಬರೆಯಿರಿ

ಎಷ್ಟೋ ವರ್ಕ್‌ಶೀಟುಗಳಲ್ಲಿ ಕಾಣುವ ದೋಷ ಒಂದೇ. ಮೊದಲ ಏಳು ಪ್ರಶ್ನೆ ಒಂದು ಕಡೆ, ಕೊನೆಯ ಮೂರು ಇನ್ನೊಂದು ಕಡೆ. ನಡುವೆ ಸೇತುವೆ ಇಲ್ಲ. ‘ಎಷ್ಟು ಪೊಲೀಸರು ಬಂದರು?’ ಮೂವರು. ಸರಿ. ಈ ಉತ್ತರ ಮುಂದೆ ಯಾವುದಕ್ಕೆ ಬೇಕಾಯಿತು? ಯಾವುದಕ್ಕೂ ಇಲ್ಲ. ಇಬ್ಬರು ಬಂದಿದ್ದರೂ ಕಥೆ ಹಾಗೇ ಇರುತ್ತಿತ್ತು. ಇಂಥ ಪ್ರಶ್ನೆ, ಮಗು ಓದಿದೆಯಾ ಇಲ್ಲವಾ ಅಂತ ಪರೀಕ್ಷಿಸುತ್ತದೆ, ಅಷ್ಟೇ. ಹತ್ತನೇ ಪ್ರಶ್ನೆಗೆ ಬಂದಾಗ ಕೈಯಲ್ಲಿ ಸಾಮಾನೇ ಇರುವುದಿಲ್ಲ. ಅಕ್ಕನ ಮಗಳಿಗೆ ಆದದ್ದು ಅದೇ.

ಹಾಗಾಗಿ ಹಿಂದಿನಿಂದ ಕಟ್ಟಬೇಕು. ಮೊದಲು ಕೊನೆಯ ಪ್ರಶ್ನೆ ಬರೆಯಿರಿ. ಅದಕ್ಕೆ ಒಳ್ಳೆಯ ಉತ್ತರ ಬರೆಯಲು ಕಥೆಯ ಯಾವ ನಾಲ್ಕೈದು ಸಾಲು ಬೇಕು ಅಂತ ಗುರುತು ಹಾಕಿ. ಆಮೇಲೆ ಆ ಸಾಲುಗಳನ್ನೇ ಎತ್ತಿ ತರುವಂತೆ ಕೆಳಗಿನ ಪ್ರಶ್ನೆ ಮಾಡಿ. ಅಡುಗೆಯಲ್ಲಿ ಮೊದಲು ಏನು ಮಾಡುತ್ತೇವೆ ಅಂತ ಗೊತ್ತಾದ ಮೇಲೆ ತಾನೆ ತರಕಾರಿ ಹೆಚ್ಚುವುದು? ಸಾರಿಗೆ ಒಂದು ರೀತಿ, ಪಲ್ಯಕ್ಕೆ ಇನ್ನೊಂದು ರೀತಿ.

ನಮ್ಮ ಕೊನೆಯ ಪ್ರಶ್ನೆ: ನಿರೂಪಕ ಹೇಳುವುದರಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ನಂಬಲಾಗದು? ಇದಕ್ಕೆ ಬೇಕಾದ ಸಾಮಾನು ಕಥೆಯಲ್ಲಿ ಐದು ಕಡೆ ಇದೆ. ತನ್ನ ಕಿವಿಯ ಬಗ್ಗೆ ಅವನು ಹೇಳುವ ಮಾತು, ಕೊಲೆಗೆ ಕೊಡುವ ಕಾರಣ, ಎರಡು ಕಡೆ ಬರುವ ಆ ಸದ್ದು, ಮುದುಕನ ಮನಸ್ಸಿನಲ್ಲಿದ್ದದ್ದನ್ನು ಅವನು ಹೇಳುವ ರೀತಿ, ಪೊಲೀಸರ ನಡವಳಿಕೆ. ಉಳಿದದ್ದೆಲ್ಲ ಸದ್ಯಕ್ಕೆ ಬಿಡಬಹುದು.

## ಕೆಳಗಿನ ಮೆಟ್ಟಿಲು: ಬೆರಳಿಟ್ಟು ತೋರಿಸುವ ಉತ್ತರ

ಘಟನೆಯ ಪ್ರಶ್ನೆ ಅಂದರೆ ಉತ್ತರದ ಮೇಲೆ ಬೆರಳಿಡಬಹುದಾದ ಪ್ರಶ್ನೆ. ಅವನ್ನು ಕೀಳಾಗಿ ನೋಡಬೇಕಿಲ್ಲ. ಮೇಲಿನ ಮೆಟ್ಟಿಲು ನಿಲ್ಲುವುದೇ ಅವುಗಳ ಮೇಲೆ. ಆಯ್ಕೆ ಮಾತ್ರ ಹುಷಾರಾಗಿರಬೇಕು. ನಾನಾಗಿದ್ದರೆ ಹೀಗೆ ಕೇಳುತ್ತಿದ್ದೆ:

1. ತನ್ನ ಕಾಯಿಲೆಯಿಂದ ಏನು ಚುರುಕಾಯಿತು ಎಂದು ನಿರೂಪಕ ಹೇಳುತ್ತಾನೆ? ಎಲ್ಲೆಲ್ಲಿಯ ಸದ್ದು ತನಗೆ ಕೇಳಿಸಿತು ಅನ್ನುತ್ತಾನೆ?

2. ಮುದುಕನನ್ನು ಕೊಲ್ಲಲು ಯಾವ ಯಾವ ಕಾರಣ ಇರಲಿಲ್ಲ ಎಂದು ಅವನು ಹೇಳುತ್ತಾನೆ? ಕೊನೆಗೆ ಯಾವ ಕಾರಣ ಕೊಡುತ್ತಾನೆ?

3. ‘ಹತ್ತಿಯಲ್ಲಿ ಸುತ್ತಿದ ಗಡಿಯಾರ’ ಎಂಬ ಹೋಲಿಕೆ ಕಥೆಯಲ್ಲಿ ಎರಡು ಕಡೆ ಬರುತ್ತದೆ. ಆ ಎರಡೂ ಕಡೆ ಮುದುಕ ಯಾವ ಸ್ಥಿತಿಯಲ್ಲಿದ್ದಾನೆ?

4. ಸದ್ದು ಜೋರಾದಾಗ ಪೊಲೀಸರು ಏನು ಮಾಡುತ್ತಿದ್ದರು?

ಮೂರನೆಯದನ್ನು ನೋಡಿ. ಉತ್ತರ ಬರೀ ಘಟನೆ: ಮೊದಲ ಸಲ ಮುದುಕ ಬದುಕಿದ್ದ, ಎರಡನೇ ಸಲ ಸತ್ತು ಹಲಗೆಯ ಕೆಳಗಿದ್ದ. ಆದರೆ ಇದನ್ನು ಬರೆಯುತ್ತಿದ್ದ ಹಾಗೇ ಮಗುವಿನ ತಲೆಯಲ್ಲಿ ಏನೋ ಒಂದು ಕುಟುಕುತ್ತದೆ. ಸತ್ತವನ ಎದೆ ಬಡಿಯುವುದಿಲ್ಲವಲ್ಲ! ಪ್ರಶ್ನೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸಾಲನ್ನು ಎದುರಿಗಿಟ್ಟು ಸುಮ್ಮನಾಗುತ್ತದೆ. ಘಟನೆಯ ಪ್ರಶ್ನೆ ಇಷ್ಟು ಮಾಡಿದರೆ ಸಾಕು.

## ನಡುವಿನ ಮೆಟ್ಟಿಲು: ಎರಡು ಸಾಲು ಕೂಡಿಸಿ ಓದುವುದು

ಇಲ್ಲಿಂದ ಉತ್ತರದ ಮೇಲೆ ಬೆರಳಿಡಲು ಆಗುವುದಿಲ್ಲ. ಕಥೆಯಲ್ಲಿ ಅದು ಬರೆದಿಲ್ಲ, ಆದರೆ ಇದೆ. ಎರಡು ಸಾಲು ಅಕ್ಕಪಕ್ಕ ಇಟ್ಟರೆ ಮೂರನೆಯ ವಿಷಯ ಕಾಣುತ್ತದೆ. ‘ಸ್ವಾರಸ್ಯ ವಿವರಿಸಿ’ ಎಂಬ ನಮ್ಮ ಹಳೆಯ ಪ್ರಶ್ನೆ ಹುಟ್ಟಿದ್ದು ಇದಕ್ಕೇ ಇರಬೇಕು. ಗೈಡ್‌ಗಳು ಅದಕ್ಕೂ ಸಿದ್ಧ ವಾಕ್ಯ ಮಾಡಿಕೊಟ್ಟು ಅದರ ಜೀವ ತೆಗೆದವು, ಆ ಮಾತು ಬೇರೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಎಂಟನೇ ರಾತ್ರಿ ಮುದುಕ ಕತ್ತಲಲ್ಲಿ ಎದ್ದು ಕೂತಿದ್ದಾನೆ. ಇವನು ಬಾಗಿಲಲ್ಲಿ ನಿಂತಿದ್ದಾನೆ. ಇಬ್ಬರೂ ಮಾತಾಡುತ್ತಿಲ್ಲ. ಆಗ ನಿರೂಪಕ ಹೇಳುತ್ತಾನೆ: ಮುದುಕನಿಗೆ ಏನನ್ನಿಸುತ್ತಿದೆ ಅಂತ ನನಗೆ ಗೊತ್ತಿತ್ತು. ಅದು ಚಿಮಣಿಯ ಗಾಳಿ, ನೆಲದ ಮೇಲೆ ಓಡಿದ ಇಲಿ, ಒಂದು ಸಲ ಚಿರ್ ಅಂದ ಹುಳ ಅಂತ ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಇಲ್ಲಿ ಕೇಳಬೇಕಾದ ಪ್ರಶ್ನೆ: ಇದು ಅವನಿಗೆ ಹೇಗೆ ಗೊತ್ತು?

ಕನ್ನಡದ ಮಕ್ಕಳಿಗೆ ಈ ಪ್ರಶ್ನೆ ಅರ್ಥ ಮಾಡಿಸಲು ಒಳ್ಳೆಯ ಸಾಧನ ನಮ್ಮ ಭಾಷೆಯಲ್ಲೇ ಇದೆ. ‘ಮಳೆ ಬಂತು’ ಅಂದರೆ ನಾನು ಕಂಡೆ. ‘ಮಳೆ ಬಂತಂತೆ’ ಅಂದರೆ ಯಾರೋ ಹೇಳಿದರು. ‘ಮಳೆ ಬಂದಿರಬೇಕು’ ಅಂದರೆ ನೆಲ ಒದ್ದೆಯಿದೆ, ನನ್ನ ಊಹೆ. ಒಂದೇ ಸುದ್ದಿ, ಬಾಲ ಬದಲಾದರೆ ಸುದ್ದಿ ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ನಿರೂಪಕನ ಒಂದೊಂದು ವಾಕ್ಯಕ್ಕೂ ಮಕ್ಕಳು ಸರಿಯಾದ ಬಾಲ ಹಚ್ಚಲಿ. ‘ಬಾಗಿಲು ಸರಿಸಿದೆ’, ಇದು ಕಂಡದ್ದು, ಮಾಡಿದ್ದು. ‘ನೆರೆಯವರಿಗೆ ಕಿರುಚಾಟ ಕೇಳಿಸಿತ್ತಂತೆ’, ಇದು ಪೊಲೀಸರಿಂದ ಬಂದದ್ದು. ‘ಮುದುಕ ಇಲಿ ಅಂದುಕೊಂಡಿರಬೇಕು’, ಇದು ಊಹೆ. ನಿರೂಪಕ ಮಾತ್ರ ಮೂರನ್ನೂ ಕಂಡದ್ದರ ಧಾಟಿಯಲ್ಲೇ ಹೇಳುತ್ತಿದ್ದಾನೆ. ಊಹೆಯನ್ನು ಕಂಡದ್ದರ ಹಾಗೆ ಹೇಳುವ ಮನುಷ್ಯ ಇವನು ಅಂತ ಮಗುವಿಗೆ ಯಾರೂ ಹೇಳಿಕೊಡದೆ ಗೊತ್ತಾಗುತ್ತದೆ.

ಅದೇ ಜಾಗದಲ್ಲಿ ಇನ್ನೊಂದು ಸಣ್ಣ ಎಳೆಯೂ ಇದೆ. ತಾನೂ ಎಷ್ಟೋ ರಾತ್ರಿ ಹೀಗೇ ಕೂತು ಗೋಡೆಯೊಳಗಿನ ಹುಳುಗಳ ಟಿಕ್ ಟಿಕ್ ಕೇಳಿದ್ದೇನೆ ಅನ್ನುತ್ತಾನೆ. ಮರ ಕೊರೆಯುವ ಒಂದು ಜಾತಿಯ ಹುಳ ಅದು. ಅದರ ಸದ್ದು ಸಾವಿನ ಮುನ್ಸೂಚನೆ ಅಂತ ಅಲ್ಲಿನ ಜನ ನಂಬುತ್ತಿದ್ದರು. ಹಾಗಾದರೆ ಕೊನೆಗೆ ಅವನು ಕೇಳಿದ್ದು ಹುಳದ ಸದ್ದಾ? ತನ್ನದೇ ಎದೆಯ ಬಡಿತವಾ? ಇಲ್ಲದ ಸದ್ದಾ? ‘ಆ ಸದ್ದು ಏನಿರಬಹುದು? ಎರಡು ಸಾಧ್ಯತೆ ಹೇಳಿ, ಒಂದೊಂದಕ್ಕೂ ಕಥೆಯಿಂದ ಒಂದು ಸಾಲು ಕೊಡಿ.’ ಇದು ಒಳ್ಳೆಯ ನಡುವಿನ ಪ್ರಶ್ನೆ. ಉತ್ತರ ಒಂದೇ ಇಲ್ಲ. ಹಾಗಂತ ಬಾಯಿಗೆ ಬಂದದ್ದು ಹೇಳುವ ಹಾಗೂ ಇಲ್ಲ, ಸಾಲು ತೋರಿಸಬೇಕು.

## ಆಶಯ: ಒಂದು ಪದ ಸಾಲದು

‘ಈ ಕಥೆಯ ಆಶಯ ಏನು?’ ಅಂದರೆ ಬರುವ ಉತ್ತರ ಎರಡು ತರ. ಒಂದು, ‘ಅಪರಾಧ ಪ್ರಜ್ಞೆ’. ಇನ್ನೊಂದು, ‘ಕೊಲೆ ಮಾಡಬಾರದು’.

ಮೊದಲನೆಯದು ವಿಷಯದ ಹೆಸರು. ಬಸ್ಸಿನ ಬೋರ್ಡಿನ ಮೇಲೆ ‘ಮೈಸೂರು’ ಅಂತ ಇದ್ದ ಹಾಗೆ. ಎಲ್ಲಿಗೆ ಅಂತ ಗೊತ್ತಾಯಿತು, ಆ ಊರಿನ ಬಗ್ಗೆ ಏನೂ ಗೊತ್ತಾಗಲಿಲ್ಲ. ಎರಡನೆಯದು ನೀತಿ. ಅದು ಕಥೆ ಓದದೆಯೂ ಹೇಳಬಹುದಾದದ್ದು. ಕೊಲೆ ಮಾಡಬಾರದು ಅಂತ ತಿಳಿಯಲು ಯಾರೂ ಪೋ ಓದಬೇಕಿಲ್ಲ.

ಆಶಯ ಒಂದು ಪೂರ್ತಿ ವಾಕ್ಯವಾಗಿರಬೇಕು, ಕಥೆಯ ಪಾತ್ರಗಳ ಹೆಸರಿಲ್ಲದೆ ನಿಲ್ಲಬೇಕು. ಪ್ರಶ್ನೆಯನ್ನೇ ಹಾಗೆ ರೂಪಿಸಿದರೆ ಅರ್ಧ ಕೆಲಸ ಮುಗಿಯಿತು: ‘ಮುಚ್ಚಿಟ್ಟ ತಪ್ಪು ಮನುಷ್ಯನನ್ನು ಏನು ಮಾಡುತ್ತದೆ ಎಂದು ಈ ಕಥೆ ತೋರಿಸುತ್ತದೆ? ಒಂದು ವಾಕ್ಯದಲ್ಲಿ ಬರೆದು, ಕಥೆಯ ಎರಡು ಜಾಗದಿಂದ ಆಧಾರ ಕೊಡಿ.’ ಆಗ ಇಂಥ ಉತ್ತರ ಬರಬಹುದು: ಮುಚ್ಚಿಟ್ಟ ತಪ್ಪು ಬೇರೆಯವರಿಗೆ ಕಾಣದಿದ್ದರೂ ಮುಚ್ಚಿಟ್ಟವನಿಗೆ ಕೇಳಿಸುತ್ತಲೇ ಇರುತ್ತದೆ. ಆಧಾರ: ಕುರ್ಚಿಯನ್ನು ಆ ಹಲಗೆಗಳ ಮೇಲೇ ಇಟ್ಟದ್ದು, ಪೊಲೀಸರಿಗೆ ಕೇಳಿಸದ ಸದ್ದು ಅವನಿಗೆ ಕೇಳಿಸಿದ್ದು.

ಚೆನ್ನಾಗಿದೆ. ಆದರೆ ಇಲ್ಲೇ ಬಿಟ್ಟರೆ ಉತ್ತರ ತುಂಬ ಸಲೀಸಾಯಿತು. ಇನ್ನೊಂದು ಪ್ರಶ್ನೆ ಬೇಕು: ‘ನೀವು ಬರೆದ ಆಶಯಕ್ಕೆ ಹೊಂದದ ಸಾಲು ಕಥೆಯಲ್ಲಿ ಯಾವುದಾದರೂ ಇದೆಯಾ?’ ಹುಡುಕಿದರೆ ಸಿಗುತ್ತದೆ. ಇಡೀ ಕಥೆಯಲ್ಲಿ ನಿರೂಪಕ ಮುದುಕನ ಸಾವಿಗೆ ಒಂದೇ ಒಂದು ಸಲವೂ ಪಶ್ಚಾತ್ತಾಪದ ಮಾತು ಆಡುವುದಿಲ್ಲ. ಬದಲಿಗೆ ತನ್ನ ಜಾಣತನಕ್ಕೆ ಹಿಗ್ಗುತ್ತಾನೆ. ಹೆಣ ಬಚ್ಚಿಟ್ಟ ರೀತಿಯನ್ನು ಕೆಲಸಗಾರನೊಬ್ಬ ತನ್ನ ಕೈಚಳಕ ತೋರಿಸುವ ಹಾಗೆ ವಿವರಿಸುತ್ತಾನೆ. ಹಾಗಾದರೆ ಅದು ಅಪರಾಧ ಪ್ರಜ್ಞೆ ಅಂತ ಹೇಗೆ ಹೇಳುವುದು? ಆ ಸದ್ದನ್ನು ನಾವು ಅವನ ಒಳಗಿನ ಸದ್ದು ಅಂತ ಓದಿದರೆ ಮಾತ್ರ ಹೇಳಬಹುದು. ಅಂದರೆ ಅವನು ಹೇಳುವುದನ್ನು ಎಷ್ಟು ನಂಬುತ್ತೇವೆ ಎಂಬುದರ ಮೇಲೆ ಆಶಯವೇ ನಿಂತಿದೆ.

ಇದೇ ಕಾರಣಕ್ಕೆ ಆಶಯದ ಪ್ರಶ್ನೆಯನ್ನು ಎರಡು ಸಲ ಕೇಳುವುದು ನನಗೆ ಸರಿ ಕಾಣುತ್ತದೆ. ನಿರೂಪಕನ ಪ್ರಶ್ನೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ. ಎರಡನೇ ಸಲ ಕೆಲವರು ವಾಕ್ಯವನ್ನೇ ಬದಲಿಸುತ್ತಾರೆ: ತನಗೆ ಬುದ್ಧಿ ಸರಿಯಿದೆ ಅಂತ ಸಾಧಿಸಲು ಹೊರಟವನ ಮಾತೇ ಅವನ ವಿರುದ್ಧ ಸಾಕ್ಷಿಯಾಗುತ್ತದೆ.

## ಮೇಲಿನ ಮೆಟ್ಟಿಲು: ಎಲ್ಲಿ ನಂಬಬೇಕು, ಎಲ್ಲಿ ಬೇಡ

ಇಲ್ಲಿ ಮಕ್ಕಳು ಮಾಡುವ ದೊಡ್ಡ ತಪ್ಪು ಅತಿಯಾಗಿ ಅನುಮಾನಿಸುವುದು. ‘ಅವನಿಗೆ ಹುಚ್ಚು, ಆದ್ದರಿಂದ ಎಲ್ಲಾ ಸುಳ್ಳು.’ ಹಾಗಾದರೆ ಕೊಲೆಯೂ ಆಗಿಲ್ಲವಾ? ಮುದುಕನೂ ಇರಲಿಲ್ಲವಾ? ಎಲ್ಲವೂ ಸುಳ್ಳಾದರೆ ಕಥೆಯೇ ಉಳಿಯುವುದಿಲ್ಲ. ‘ನಂಬುತ್ತೀರಾ’ ಎಂಬ ಹೌದು-ಇಲ್ಲಗಳ ಪ್ರಶ್ನೆಯೇ ಅವರನ್ನು ಆ ಕಡೆ ತಳ್ಳುತ್ತದೆ. ಅದಕ್ಕೇ ನಾವು ಪ್ರಶ್ನೆಯನ್ನು ‘ಯಾವುದನ್ನು’ ಅಂತ ಬದಲಿಸಿದ್ದು.

ನಿರೂಪಕ ಎಡವುವ ಜಾಗ ಮೂರು. ನಡೆದದ್ದನ್ನು ಹೇಳುವಾಗ ಎಡವಬಹುದು. ನಡೆದದ್ದನ್ನು ಅರ್ಥ ಮಾಡಿಕೊಳ್ಳುವಾಗ ಎಡವಬಹುದು. ಅದು ಸರಿಯಾ ತಪ್ಪಾ ಅಂತ ತೂಗುವಾಗ ಎಡವಬಹುದು. ಜಗಳವಾಡಿ ಬಂದ ಸಂಬಂಧಿಕರು ಮೊದಲನೆಯದರಲ್ಲಿ ಸರಿ, ಮೂರನೆಯದರಲ್ಲಿ ಎಡವಟ್ಟು.

ನಮ್ಮ ನಿರೂಪಕನನ್ನು ಈ ಮೂರರಲ್ಲಿ ಇಟ್ಟು ನೋಡಿ. ಬಾಗಿಲು ಸರಿಸಿದ್ದು, ಮಂಚ ಎಳೆದದ್ದು, ಹಲಗೆ ಕಿತ್ತದ್ದು, ಇವನ್ನು ನಂಬಲು ಅಡ್ಡಿಯಿಲ್ಲ. ತನಗೇ ಕುತ್ತು ತರುವ ಸಂಗತಿಗಳನ್ನು ಇಷ್ಟು ವಿವರವಾಗಿ ಹೇಳುತ್ತಿದ್ದಾನೆ, ಅದರಿಂದ ಅವನಿಗೆ ಲಾಭವಿಲ್ಲ. ಕಿರುಚಾಟಕ್ಕೆ ನೆರೆಯವರ ಸಾಕ್ಷಿಯೂ ಇದೆ. (ಆ ಸಾಕ್ಷಿಯ ವಿಷಯವೂ ಅವನ ಬಾಯಿಂದಲೇ ಬಂದದ್ದು ಅಂತ ಚುರುಕಾದ ಮಗು ಕೇಳಬಹುದು. ಕೇಳಲಿ.)

ಅರ್ಥ ಮಾಡಿಕೊಳ್ಳುವುದರಲ್ಲಿ ಮಾತ್ರ ಅವನು ಕುಸಿಯುತ್ತಾನೆ. ಸತ್ತವನ ಎದೆ ಬಡಿಯುತ್ತಿದೆ ಅನ್ನುತ್ತಾನೆ. ಕಿವಿಗೆ ನರಕ ಕೇಳಿಸಿದ್ದನ್ನು ಆರೋಗ್ಯದ ಲಕ್ಷಣ ಅನ್ನುತ್ತಾನೆ. ತೂಗುವುದರಲ್ಲಂತೂ ತಕ್ಕಡಿಯೇ ಮುರಿದಿದೆ. ಒಂದು ಕಣ್ಣು ಇಷ್ಟವಾಗಲಿಲ್ಲ ಅಂತ ಕೊಂದದ್ದು ಅವನಿಗೆ ತಪ್ಪಾಗಿ ಕಾಣುವುದೇ ಇಲ್ಲ. ‘ಹುಚ್ಚನಾಗಿದ್ದರೆ ಇಷ್ಟು ಎಚ್ಚರಿಕೆಯಿಂದ ಮಾಡುತ್ತಿದ್ದೆನಾ’ ಎಂಬುದು ಅವನ ವಾದ. ಎಚ್ಚರಿಕೆ ಬೇರೆ, ವಿವೇಕ ಬೇರೆ ಅಂತ ಅವನಿಗೆ ಹೊಳೆದಿಲ್ಲ.

ಹಾಗಾಗಿ ಪ್ರಶ್ನೆ ಹೀಗಿರಲಿ: ‘ನಿರೂಪಕ ಹೇಳುವ ಸಂಗತಿಗಳಲ್ಲಿ ನೀವು ನಂಬುವ ಒಂದನ್ನೂ ನಂಬದ ಒಂದನ್ನೂ ಆರಿಸಿ. ಎರಡಕ್ಕೂ ನಿಮಗೆ ಸಿಕ್ಕ ಸುಳಿವು ಯಾವುದು? ಆ ಸುಳಿವನ್ನು ಅವನು ಬೇಕೆಂದೇ ಕೊಟ್ಟನಾ, ಗೊತ್ತಿಲ್ಲದೆ ಬಿಟ್ಟನಾ?’ ಕೊನೆಯ ಭಾಗ ಕಷ್ಟದ್ದು. ಅದಕ್ಕೆ ಉತ್ತರ ಹುಡುಕುವಾಗ ಕಥೆಗಾರ ಮತ್ತು ನಿರೂಪಕ ಬೇರೆ ಬೇರೆ ಎಂಬ ಮಾತು ಮತ್ತೆ ಬರುತ್ತದೆ. ನಿರೂಪಕನ ಕಣ್ಣು ತಪ್ಪಿಸಿ ಕಥೆಗಾರ ನಮಗೆ ಚೀಟಿ ದಾಟಿಸುತ್ತಿರುತ್ತಾನೆ. ಗಡಿಯಾರದ ಹೋಲಿಕೆ ಎರಡು ಸಲ ಬಂದದ್ದು ಅಂಥದೊಂದು ಚೀಟಿ.

ಇಂಗ್ಲಿಷಿನಲ್ಲಿ ಓದುವವರಿಗೆ ಇನ್ನೂ ಒಂದಿದೆ. ಅಲ್ಲಿ ‘ಕಣ್ಣು’ ಮತ್ತು ‘ನಾನು’ ಎರಡಕ್ಕೂ ಕೇಳಿಸುವುದು ಒಂದೇ ಸದ್ದು, ‘ಐ’. ಕನ್ನಡಕ್ಕೆ ತಂದರೆ ಅದು ಹೋಗುತ್ತದೆ. ಬದಲಿಗೆ ಇನ್ನೊಂದು ಉಳಿಯುತ್ತದೆ. ಮೂಲದಲ್ಲಿ ನಿರೂಪಕ ಗಂಡೋ ಹೆಣ್ಣೋ ಅಂತ ಎಲ್ಲೂ ಸ್ಪಷ್ಟವಾಗಿ ಹೇಳಿಲ್ಲ. ರೂಢಿಯಂತೆ ನಾನೂ ‘ಅವನು’ ಅಂದೆ. ಹಿಂದಿಗೆ ಅನುವಾದಿಸುವವರು ಕ್ರಿಯಾಪದದಲ್ಲೇ ಗಂಡೋ ಹೆಣ್ಣೋ ತೀರ್ಮಾನಿಸಬೇಕಾಗುತ್ತದೆ. ಕನ್ನಡದ ‘ಹೋದೆ, ಬಂದೆ’ಗಳಿಗೆ ಆ ಕಷ್ಟವಿಲ್ಲ. ‘ನಿರೂಪಕ ಗಂಡಸು ಅಂತ ನೀವು ಅಂದುಕೊಂಡಿದ್ದರೆ, ಯಾವ ಸಾಲಿನಿಂದ?’ ಅಂತ ಕೇಳಿ ನೋಡಿ. ಓದುಗರೂ ಊಹೆಯನ್ನು ಕಂಡದ್ದರ ಹಾಗೆ ಹೇಳುತ್ತಾರೆ ಅಂತ ಗೊತ್ತಾಗುತ್ತದೆ.

## ಪ್ರಶ್ನೆ ಕೆಟ್ಟಿದ್ದು ಗೊತ್ತಾಗುವುದು ಹೇಗೆ

ಕಥೆ ಓದದ ಒಬ್ಬರ ಕೈಗೆ ಪ್ರಶ್ನೆಗಳನ್ನು ಕೊಡಿ. ಅವರಿಗೆ ಉತ್ತರ ಹೊಳೆದರೆ ಆ ಪ್ರಶ್ನೆ ತೆಗೆದುಹಾಕಿ. ‘ಹುಚ್ಚನಾದ ನಿರೂಪಕ ಮುದುಕನನ್ನು ಏಕೆ ಕೊಂದ?’ ಎಂಬ ಪ್ರಶ್ನೆಯಲ್ಲಿ ಹತ್ತನೆಯದರ ಉತ್ತರ ಆಗಲೇ ಸೋರಿಹೋಗಿದೆ. ಇಂಥದ್ದು ತುಂಬ ಕಣ್ಣಿಗೆ ಬೀಳುತ್ತದೆ, ಬರೆದವರಿಗೆ ಮಾತ್ರ ಕಾಣುವುದಿಲ್ಲ.

ಮೇಲಿನ ಮೆಟ್ಟಿಲಿನ ಪರೀಕ್ಷೆ ಬೇರೆ. ಎದುರುಬದುರಾದ ಎರಡು ಉತ್ತರಕ್ಕೂ ಪೂರ್ತಿ ಅಂಕ ಕೊಡಲು ಸಾಧ್ಯವಾ ಅಂತ ಕೇಳಿಕೊಳ್ಳಿ. ಸಾಧ್ಯವಿಲ್ಲ ಅಂದರೆ ಅದು ವೇಷ ಹಾಕಿದ ಘಟನೆಯ ಪ್ರಶ್ನೆ. ಅಂಕ ಹೋಗಬೇಕಾದದ್ದು ನಿಲುವಿಗಲ್ಲ, ನಿಲುವಿನಿಂದ ಸಾಲಿಗೆ ಹಾಕಿದ ಗಂಟಿಗೆ. ಐದು ಅಂಕವಿದ್ದರೆ ನಾನು ಒಂದನ್ನು ನಿಲುವಿಗೆ, ಎರಡನ್ನು ಆರಿಸಿದ ಸಾಲುಗಳಿಗೆ, ಉಳಿದ ಎರಡನ್ನು ‘ಈ ಸಾಲು ಇದನ್ನೇ ಯಾಕೆ ತೋರಿಸುತ್ತದೆ’ ಎಂಬ ವಿವರಣೆಗೆ ಕೊಡುತ್ತೇನೆ. ಮಕ್ಕಳು ಕಳೆದುಕೊಳ್ಳುವುದು ಹೆಚ್ಚಾಗಿ ಈ ಕೊನೆಯ ಎರಡನ್ನು. ಸಾಲು ಎತ್ತಿ ಬರೆದು ಪೂರ್ಣವಿರಾಮ ಇಟ್ಟುಬಿಡುತ್ತಾರೆ.

ಎಲ್ಲ ಕಥೆಗೂ ಈ ಕೊನೆಯ ಮೆಟ್ಟಿಲು ಇರುವುದಿಲ್ಲ. ಹೊರಗೆ ನಿಂತು ‘ಒಂದೂರಲ್ಲಿ ಒಬ್ಬ ರಾಜ’ ಅಂತ ಹೇಳುವ ಕಥೆಯಲ್ಲಿ ನಿರೂಪಕನನ್ನು ಅನುಮಾನಿಸಲು ಸಾಮಾನ್ಯವಾಗಿ ಸುಳಿವೇ ಇರುವುದಿಲ್ಲ. ಸುಳಿವಿಲ್ಲದ ಕಡೆ ಆ ಪ್ರಶ್ನೆ ಕೇಳಿದರೆ ಮಕ್ಕಳು ಇಲ್ಲದ್ದನ್ನು ಹುಟ್ಟಿಸಿ ಬರೆಯುತ್ತಾರೆ.

ಅಕ್ಕನ ಮಗಳು ಅವತ್ತು ಕೊನೆಗೆ ಬರೆದದ್ದು ಎರಡೇ ಸಾಲು: ‘ಅವನು ಕೈಯಿಂದ ಮಾಡಿದ್ದನ್ನು ನಂಬುತ್ತೇನೆ. ಕಿವಿಯಿಂದ ಕೇಳಿದ್ದನ್ನು ನಂಬುವುದಿಲ್ಲ.’ ಆಮೇಲೆ ಸತ್ತವನ ಎದೆಬಡಿತದ ಸಾಲು ಎತ್ತಿಕೊಟ್ಟಿದ್ದಳು. ವಾರದ ನಂತರ ವರ್ಕ್‌ಶೀಟ್ ವಾಪಸ್ಸು ಬಂತು. ಪಕ್ಕದಲ್ಲಿ ಟೀಚರ್ ಕೆಂಪು ಪೆನ್ನಿನಲ್ಲಿ ಬರೆದಿದ್ದರು: ‘ಪೊಲೀಸರಿಗೂ ಆ ಸದ್ದು ಕೇಳಿಸುತ್ತಿತ್ತು, ಸುಮ್ಮನೆ ನಾಟಕ ಆಡುತ್ತಿದ್ದರು ಅನ್ನುತ್ತಾನಲ್ಲ, ಅದು ಕೈಯಿಂದ ಮಾಡಿದ್ದೂ ಅಲ್ಲ, ಕಿವಿಯಿಂದ ಕೇಳಿದ್ದೂ ಅಲ್ಲ. ಅದನ್ನು ಎಲ್ಲಿ ಸೇರಿಸುತ್ತೀಯ?’

ಅವಳು ಕಥೆಯ ಕೊನೆಯ ಪುಟ ತೆಗೆದು ಮತ್ತೆ ಓದಲು ಕೂತಳು.